412 ಸಾಲು ಬರೆದರೂ ಮುಗಿಯದ ಪಟ್ಟಿ: ಕೆಲಸವನ್ನು ಎಲ್ಲಿಯವರೆಗೆ ಒಡೆಯಬೇಕು?

ತೋಟದಮನೆ, ಶಿರಸಿ

ನಮ್ಮ ಊರಿನ 15 ಮನೆಯವರು ಸೇರಿ ಅಡಿಕೆ ಸಂಸ್ಕರಣೆಗೆ ಒಂದು ಶೆಡ್ ಕಟ್ಟಿಸುತ್ತಿದ್ದೇವೆ. ಅಳತೆ 60 ಅಡಿಗೆ 30 ಅಡಿ. ಚಿರೆಕಲ್ಲಿನ ಗೋಡೆ, ಮೇಲೆ ಕಬ್ಬಿಣದ ಚೌಕಟ್ಟು ಮತ್ತು ಶೀಟು. ಒಳಗೆ ಹಸಿ ಅಡಿಕೆ ಸುಲಿಯುವ ಎರಡು ಯಂತ್ರ, ಬೇಯಿಸುವ ಒಲೆ, ಒಂದು ಡ್ರೈಯರ್, ಮೂಟೆ ಇಡುವ ಕೋಣೆ. ಜೂನ್ ತಿಂಗಳ ಮಳೆ ಹಿಡಿಯುವ ಮೊದಲು ಚಾವಣಿ ಏರಬೇಕು. ಅದರ ಮುಂದಿನ ಕೊನೆಕೊಯ್ಲಿಗೆ ಯಂತ್ರ ತಿರುಗಬೇಕು.

ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವಳಾದ್ದರಿಂದ ಉಸ್ತುವಾರಿ ನನ್ನ ಪಾಲಿಗೆ ಬಂತು. ಕೆಲಸವನ್ನೆಲ್ಲ ಮರದ ಕೊಂಬೆಗಳ ಹಾಗೆ ಒಡೆಯುತ್ತಾ ಹೋದೆ. ಆರು ಹಂತ, 412 ಸಾಲು ಆಯಿತು. ಮೊದಲ ಹಂತದಲ್ಲಿ ಮೇಸ್ತ್ರಿ, ವೆಲ್ಡರ್, ಎಲೆಕ್ಟ್ರಿಷಿಯನ್, ಬಡಗಿ, ಯಂತ್ರದವರು ಎಂದು ಐದು ಕೊಂಬೆ. ಮೇಸ್ತ್ರಿಯ ಕೆಳಗೆ ಗೋಡೆ, ಗೋಡೆಯ ಕೆಳಗೆ ಉತ್ತರ ಗೋಡೆ, ಅದರ ಕೆಳಗೆ ಕಲ್ಲು ಇಳಿಸುವುದು, ಕಲ್ಲು ಕೆತ್ತುವುದು, ಗಾರೆ ಕಲಸುವುದು, ಹೀಗೆ.

ಪ್ರತಿ ಭಾನುವಾರ ಎಲ್ಲ ಸಾಲುಗಳ ಸ್ಥಿತಿಯನ್ನು ಕೇಳಿ ತುಂಬುತ್ತಿದ್ದೇನೆ. ಸಾಲಿಗೆ ಎರಡು ನಿಮಿಷ ಹಿಡಿದರೂ 824 ನಿಮಿಷ, ಅಂದರೆ ಸುಮಾರು 14 ತಾಸು. ಮೇಸ್ತ್ರಿಯವರು ಈಗ ನನ್ನ ಫೋನನ್ನೇ ಎತ್ತುತ್ತಿಲ್ಲ. ಕೆಲವೆಡೆ ಇನ್ನೂ ಒಡೆಯಬೇಕಿತ್ತು ಅನ್ನಿಸುತ್ತದೆ, ಕೆಲವೆಡೆ ಅತಿಯಾಯಿತು ಅನ್ನಿಸುತ್ತದೆ. ಒಡೆಯುವುದನ್ನು ನಿಲ್ಲಿಸಲು ಗುರುತು ಏನು? ಕಟ್ಟಡದ ಕೆಲಸ ಬಲ್ಲವರು ದಯವಿಟ್ಟು ಹೇಳಿ.

ಹೊನ್ನಾವರದವ

ಇದಕ್ಕೆ ಸ್ಪಷ್ಟ ನಿಯಮವೇ ಇದೆ. ಕೊನೆಯ ಹಂತದ ಯಾವ ಕೆಲಸವೂ 8 ತಾಸಿಗಿಂತ ಕಡಿಮೆ ಇರಬಾರದು, 80 ತಾಸಿಗಿಂತ ಹೆಚ್ಚಿರಬಾರದು. 80 ದಾಟಿದರೆ ಒಡೆಯಿರಿ, 8ಕ್ಕಿಂತ ಕೆಳಗೆ ಬಂದರೆ ಪಕ್ಕದ್ದಕ್ಕೆ ಸೇರಿಸಿ. ಗಾರೆ ಕಲಸುವುದಕ್ಕೆಲ್ಲ ಪ್ರತ್ಯೇಕ ಸಾಲು ಬೇಕಿಲ್ಲ. ಈ ಅಳತೆ ಹಿಡಿದು ಇಡೀ ಪಟ್ಟಿಯನ್ನು ಒಮ್ಮೆ ಜಾಲಿಸಿ, 412 ಇದ್ದದ್ದು 100ಕ್ಕೆ ಇಳಿಯುತ್ತದೆ.

ಸಿದ್ದಾಪುರದ ಬೆಳೆಗಾರ

ತಂಗೀ, ಅನುಭವದಿಂದ ಹೇಳುತ್ತಿದ್ದೇನೆ, ಕೆಲಸವನ್ನು ಒಡೆದು ಐದು ಜನರಿಗೆ ಕೊಡಲೇಬೇಡ. ನಮ್ಮ ಕೊಟ್ಟಿಗೆ ಕಟ್ಟಿಸುವಾಗ ಗೋಡೆ ಒಬ್ಬರಿಗೆ, ಮಾಡು ಇನ್ನೊಬ್ಬರಿಗೆ ಕೊಟ್ಟೆವು. ಗೋಡೆ ಮೂರು ಇಂಚು ಓರೆ ಎಂದು ಮಾಡಿನವರು, ಮಾಡಿನ ಅಳತೆಯೇ ತಪ್ಪು ಎಂದು ಗೋಡೆಯವರು. ನಡುವೆ ನಾನು. ಒಬ್ಬರಿಗೇ ಇಡೀ ಗುತ್ತಿಗೆ ಕೊಟ್ಟು ಬಿಡುವುದು ಒಳ್ಳೆಯದು.

ತೋಟದಮನೆ, ಶಿರಸಿ

ಅಣ್ಣ, ನಾನು ಕೇಳಿದ್ದು ಗುತ್ತಿಗೆ ಹಂಚುವುದರ ಬಗ್ಗೆ ಅಲ್ಲ. ಯಾರು ಮಾಡಿದರೂ ಸರಿ, ಏನೇನು ಆಗಬೇಕು ಎನ್ನುವುದನ್ನು ಕಾಗದದ ಮೇಲೆ ಎಷ್ಟು ಸಣ್ಣದಾಗಿ ಬರೆದುಕೊಳ್ಳಬೇಕು ಎಂದು ಕೇಳಿದೆ. ಆದರೂ ನೀವು ಹೇಳಿದ ಮೂರು ಇಂಚಿನ ಓರೆ ತಲೆಯಲ್ಲಿ ಕುಳಿತಿದೆ. ಗೋಡೆ ಮತ್ತು ಮಾಡು ಸೇರುವ ಜಾಗ ನನ್ನ ಪಟ್ಟಿಯಲ್ಲೂ ಯಾರ ಕೊಂಬೆಯಲ್ಲೂ ಇಲ್ಲ.

ಕಾಳಿತೀರ, ಕಾರವಾರ

ಬಂದರಿನ ಮತ್ತು ಸೇತುವೆಯ ಕಾಮಗಾರಿಗಳಲ್ಲಿ 31 ವರ್ಷ ಇದ್ದು ನಿವೃತ್ತನಾದವನು ನಾನು. ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕಿಂತ ಮೊದಲು ಎಲ್ಲಿಂದ ಒಡೆದಿರಿ ಎಂದು ನೋಡಬೇಕು.

ನೀವು ಮೊದಲ ಏಟನ್ನು ಜನರ ಮೇಲೆ ಹಾಕಿದ್ದೀರಿ. ಮೇಸ್ತ್ರಿ, ವೆಲ್ಡರ್, ಎಲೆಕ್ಟ್ರಿಷಿಯನ್. ಹಾಗೆ ಒಡೆದರೆ ಪ್ರತಿ ಕೊಂಬೆಯೂ ಆ ಮನುಷ್ಯ ಏನೇನು ಮಾಡುತ್ತಾನೆ ಎಂಬ ನೆನಪಿನ ಪಟ್ಟಿಯಾಗುತ್ತದೆ. ಇಬ್ಬರ ನಡುವೆ ಬೀಳುವ ವಸ್ತುವನ್ನು ಯಾರೂ ನೆನೆಯುವುದಿಲ್ಲ. ಒಡೆಯಬೇಕಾದದ್ದು ಕೊನೆಗೆ ನಿಮ್ಮ ಕೈಗೆ ಬರುವ ವಸ್ತುವನ್ನು: ಕಟ್ಟಡ, ಸುಲಿಯುವ ಘಟಕ, ಬೇಯಿಸುವ ಘಟಕ, ಒಣಗಿಸುವ ಘಟಕ, ವಿದ್ಯುತ್ತು, ನೀರು ಮತ್ತು ಚೊಗರು ಹೊರಹೋಗುವ ದಾರಿ, ಪರವಾನಗಿಗಳು, ಜೊತೆಗೆ ನಿಮ್ಮ ಈ ಉಸ್ತುವಾರಿ. ಒಂದು ಕೊಂಬೆಯ ಮಕ್ಕಳನ್ನೆಲ್ಲ ಕೂಡಿದರೆ ತಾಯಿ ಕೊಂಬೆ ಪೂರ್ತಿ ಬರಬೇಕು. ಒಂದು ಕಾಸೂ ಕಡಿಮೆಯಾಗಬಾರದು, ಒಂದು ಕಾಸೂ ಹೆಚ್ಚಾಗಬಾರದು. ಈ ವಿದ್ಯೆಯಲ್ಲಿ ನಾನು ಬಗ್ಗದೆ ಹಿಡಿಯುವ ನಿಯಮ ಇದೊಂದೇ.

ಈಗ ಒಂದು ಪರೀಕ್ಷೆ. ನಿಮ್ಮ 412 ಸಾಲುಗಳಲ್ಲಿ ಸುಲಿಯುವ ಯಂತ್ರ ಕೂರುವ ಅಡಿಪಾಯ ಎಲ್ಲಿದೆ? ನೆಲದ ಕಾಂಕ್ರೀಟು ಮೇಸ್ತ್ರಿಯ ಕೊಂಬೆಯಲ್ಲಿರುತ್ತದೆ. ಯಂತ್ರ ತರುವುದು ಯಂತ್ರದವರ ಕೊಂಬೆಯಲ್ಲಿರುತ್ತದೆ. ಯಂತ್ರವನ್ನು ನೆಲಕ್ಕೆ ಹಿಡಿದಿಡುವ ಬೋಲ್ಟುಗಳು ಎಲ್ಲಿವೆ?

ತೋಟದಮನೆ, ಶಿರಸಿ

ಇಲ್ಲ. ಎರಡು ಸಲ ಹುಡುಕಿದೆ. "ನೆಲಕ್ಕೆ ಕಾಂಕ್ರೀಟು" ಎನ್ನುವುದನ್ನು ಜಲ್ಲಿ ತರಿಸುವುದು, ಮರಳು ತರಿಸುವುದು, ಮಟ್ಟ ನೋಡುವುದು, ನೀರು ಉಣಿಸುವುದು ಎಂದು 11 ಸಾಲು ಮಾಡಿದ್ದೇನೆ. ಬೋಲ್ಟಿನ ಮಾತೇ ಇಲ್ಲ.

ಯಂತ್ರದವರಿಗೆ ಫೋನು ಮಾಡಿದೆ. ಯಂತ್ರವೊಂದಕ್ಕೆ ನಾಲ್ಕು ಬೋಲ್ಟು, ಅವುಗಳ ನಡುವಿನ ಅಂತರ ನಕ್ಷೆಯಲ್ಲಿದೆ, ಕಾಂಕ್ರೀಟು ಹಾಕುವಾಗಲೇ ಹೂತು ಬಿಡಬೇಕು ಎಂದರು. ನಕ್ಷೆ ಕಳಿಸಿ ಎಂದು ಯಾರೂ ಕೇಳಿರಲಿಲ್ಲವಂತೆ. ನಮ್ಮ ನೆಲದ ಕೆಲಸ ಮುಂದಿನ ವಾರ ಆರಂಭವಾಗುವುದಿತ್ತು. ಅದನ್ನು ತಡೆದಿದ್ದೇನೆ.

ಕಾಳಿತೀರ, ಕಾರವಾರ

ಸಮಯಕ್ಕೆ ಸಿಕ್ಕಿತು. ಗಟ್ಟಿಯಾದ ಕಾಂಕ್ರೀಟನ್ನು ಕೊರೆದು ಬೋಲ್ಟು ಕೂರಿಸಬಹುದು, ಆದರೆ ದಿನವಿಡೀ ಅದುರುವ ಯಂತ್ರಕ್ಕೆ ಮೊದಲೇ ಹೂತದ್ದರಷ್ಟು ನೆಮ್ಮದಿ ಅದರಲ್ಲಿಲ್ಲ.

ಗಮನಿಸಿ, 11 ಸಾಲು ಬರೆದ ಕಡೆಯೇ ಬೋಲ್ಟು ತಪ್ಪಿದೆ. ಸಣ್ಣದಾಗಿ ಒಡೆದ ಮಾತ್ರಕ್ಕೆ ಪಟ್ಟಿ ಪೂರ್ತಿಯಾಗುವುದಿಲ್ಲ. ಗಾರೆ ಕಲಸುವುದನ್ನು ಬರೆದಾಗ ನಮಗೆ ಎಲ್ಲವನ್ನೂ ಬರೆದೆವು ಎಂಬ ಧೈರ್ಯ ಬರುತ್ತದೆ, ತಪ್ಪಿದ್ದು ಆ ಧೈರ್ಯದ ಹಿಂದೆ ಮರೆಯಾಗುತ್ತದೆ. ಅದಕ್ಕೇ ನಾನು ಪ್ರತಿ ಹಂತದಲ್ಲೂ ಕೆಳಕ್ಕೆ ಇಳಿಯುವ ಮೊದಲು ಅಡ್ಡಕ್ಕೆ ನೋಡುತ್ತೇನೆ: ಇಷ್ಟು ಸಿಕ್ಕರೆ ಯಂತ್ರ ತಿರುಗುತ್ತದೆಯೇ?

ಇನ್ನು ನಿಲ್ಲಿಸುವ ಗುರುತು. ಕೊಂಬೆಯ ತುದಿಯಲ್ಲಿ ಒಂದು ಸಾಲಾಗಿ ಉಳಿಯುವ ಕೆಲಸವನ್ನು ಕಂತೆ ಎನ್ನೋಣ. ಅಂಥ ಒಂದು ಕಂತೆಯನ್ನು ಮುಂದಿಟ್ಟುಕೊಂಡು ಮೂರು ಪ್ರಶ್ನೆ ಕೇಳಿ. ಇದಕ್ಕೆ ಉತ್ತರ ಕೊಡುವ ಒಬ್ಬರ ಹೆಸರು ಹೇಳಬಲ್ಲೆನೇ? ಎಷ್ಟು ದುಡ್ಡು, ಎಷ್ಟು ದಿನ ಎಂದು ನಂಬುವ ಹಾಗೆ ಹೇಳಬಲ್ಲೆನೇ? ಮುಗಿಯಿತು ಎಂದರೆ ಹೋಗಿ ಕಣ್ಣಿಂದ ನೋಡಿ ಹೌದು ಅಥವಾ ಇಲ್ಲ ಎನ್ನಬಲ್ಲೆನೇ? ಮೂರಕ್ಕೂ ಹೌದು ಎಂದಾದರೆ ಅಲ್ಲಿಗೆ ನಿಲ್ಲಿಸಿ. ಒಂದಕ್ಕೆ ಇಲ್ಲ ಎಂದರೂ ಇನ್ನೊಂದು ಹಂತ ಇಳಿಯಿರಿ. ಆದ್ದರಿಂದ ಎಲ್ಲ ಕೊಂಬೆಗಳೂ ಒಂದೇ ಆಳಕ್ಕೆ ಹೋಗಬೇಕಾಗಿಲ್ಲ. ಕೆಲವು ಎರಡನೇ ಹಂತಕ್ಕೇ ನಿಲ್ಲುತ್ತವೆ, ಕೆಲವು ನಾಲ್ಕಕ್ಕೆ ಇಳಿಯುತ್ತವೆ.

ಹೊನ್ನಾವರದವ

ಹಿರಿಯರೇ, ನೀವು ಹೇಳಿದ್ದು ಸರಿ, ಆದರೆ "ನಂಬುವ ಹಾಗೆ" ಎನ್ನುವುದು ಮನಸ್ಸಿನ ಅಳತೆ. 8 ಮತ್ತು 80 ಎಂದರೆ ಸಂಖ್ಯೆ. ಹೊಸಬರಿಗೆ ಸಂಖ್ಯೆ ಕೊಡುವುದೇ ವಾಸಿ. ಅನುಭವ ಇಲ್ಲದವರು ನಂಬುವ ಹಾಗೆ ಅಂದಾಜು ಮಾಡಿದ್ದೇವೆ ಎಂದು ತಾವೇ ತಮ್ಮನ್ನು ನಂಬಿಸಿಕೊಳ್ಳುತ್ತಾರೆ. ನಾನು ಅದನ್ನು ಬಹಳ ನೋಡಿದ್ದೇನೆ.

ಕಾಳಿತೀರ, ಕಾರವಾರ

ನಿಮ್ಮ ಭಯ ನ್ಯಾಯವಾದದ್ದೇ. ಸಂಖ್ಯೆಯನ್ನು ಎಚ್ಚರಿಕೆಯ ಗಂಟೆಯಾಗಿ ಇಟ್ಟುಕೊಳ್ಳಿ, ತೀರ್ಪಾಗಿ ಬೇಡ. ಈ ಶೆಡ್ಡಿನ ಮೇಲೆಯೇ ಹಾಕಿ ನೋಡೋಣ.

ಗೋಡೆಗೆ ನಾಲ್ಕು ಜನ, 12 ದಿನ, ದಿನಕ್ಕೆ 8 ತಾಸು ಎಂದು ಹಿಡಿಯಿರಿ. 384 ತಾಸಾಯಿತು. ನಿಮ್ಮ ನಿಯಮದ ಪ್ರಕಾರ ಐದು ತುಂಡು ಬೇಕು. ತಂಗಿ ಉತ್ತರ, ದಕ್ಷಿಣ ಎಂದು ದಿಕ್ಕಿನ ಮೇಲೆ ತುಂಡು ಮಾಡಿದರು. ಆದರೆ ಕಲ್ಲು ಕಟ್ಟುವವರು ಒಂದು ದಿಕ್ಕು ಮುಗಿಸಿ ಇನ್ನೊಂದಕ್ಕೆ ಹೋಗುವುದಿಲ್ಲ. ಮೂಲೆ ಬಿಗಿಯಬೇಕಾದ್ದರಿಂದ ವರಸೆ ವರಸೆಯಾಗಿ ಸುತ್ತಲೂ ಏರಿಸುತ್ತಾರೆ. ಉತ್ತರ ಗೋಡೆ ಮುಗಿಯಿತೇ ಎಂದು ಕೇಳಿದರೆ ಮೇಸ್ತ್ರಿ ಏನು ಹೇಳಬೇಕು? ಕೆಲಸ ಹಾಗೆ ನಡೆಯುವುದೇ ಇಲ್ಲ. ಅವರು ಫೋನು ಎತ್ತದಿರಲು ಇದೂ ಒಂದು ಕಾರಣ ಇದ್ದೀತು.

ಅಲ್ಲಿ ಎರಡು ತುಂಡು ಸಾಕು: ತಳಪಾಯದಿಂದ ಲಿಂಟಲ್‌ವರೆಗೆ ಒಂದು, ಲಿಂಟಲ್‌ನಿಂದ ಚಾವಣಿ ಕೂರುವ ಮಟ್ಟದವರೆಗೆ ಇನ್ನೊಂದು. ಲಿಂಟಲ್ ಹತ್ತಿರ ಕೆಲಸ ತಾನಾಗಿಯೇ ನಿಲ್ಲುತ್ತದೆ. ಬಾಗಿಲು, ಕಿಟಕಿಗಳ ಅಗಲವನ್ನು ಟೇಪು ಹಿಡಿದು ನೋಡಬಹುದು, ಯಂತ್ರ ಒಳಹೋಗುವಷ್ಟು ಬಾಗಿಲಿದೆಯೇ ಎಂದು ಪರೀಕ್ಷಿಸಬಹುದು, ಮೇಸ್ತ್ರಿಗೆ ಒಂದು ಕಂತು ಕೊಡಬಹುದು. ಎರಡೂ ತುಂಡುಗಳು 80 ತಾಸು ದಾಟುತ್ತವೆ, ನನಗೆ ಅದರಿಂದ ತೊಂದರೆಯಿಲ್ಲ. ಸಿದ್ದಾಪುರದವರ ಮೂರು ಇಂಚಿನ ಓರೆಯೂ ಎರಡನೆಯ ತುಂಡಿನ ಒಪ್ಪಿಗೆಯಲ್ಲಿಯೇ ಸಿಗಬೇಕು: ಮೇಲಿನ ಮಟ್ಟ ಮತ್ತು ಕರ್ಣದ ಅಳತೆಯನ್ನು ವೆಲ್ಡರ್ ಬಂದು ನೋಡಿ ಒಪ್ಪಿದ ಮೇಲೆಯೇ ಗೋಡೆ ಮುಗಿದಂತೆ.

ಈಗ ಇನ್ನೊಂದು ತುದಿ. ಮೂರು ಫೇಸ್ ವಿದ್ಯುತ್ ಸಂಪರ್ಕದ ಅರ್ಜಿ ತುಂಬಿ ಕೊಡಲು ಎರಡು ತಾಸು ಸಾಕು. 8ಕ್ಕಿಂತ ಕಡಿಮೆ, ಪಕ್ಕದ್ದಕ್ಕೆ ಸೇರಿಸಿ ಎನ್ನುತ್ತೀರಿ. ವೈರಿಂಗಿಗೆ ಸೇರಿಸಿದರೆ ವೈರಿಂಗ್ ಶುರುವಾಗುವ ಏಪ್ರಿಲ್‌ವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆವರು ಎರಡು ತಾಸಿನದು, ಕಾಯುವಿಕೆ ವಾರಗಳದು, ಉತ್ತರಿಸಬೇಕಾದ ಮನುಷ್ಯನೂ ಬೇರೆ. ಅದಕ್ಕೆ ಸ್ವಂತ ಸಾಲು ಬೇಕೇ ಬೇಕು.

ಹೊನ್ನಾವರದವ

ಅರ್ಜಿಯ ವಿಷಯ ಒಪ್ಪಿದೆ. ಗೋಡೆಯ ವಿಷಯ ಪೂರ್ತಿ ಒಪ್ಪಲಾರೆ. 12 ದಿನದ ಕೆಲಸ ಎರಡೇ ಸಾಲಿನಲ್ಲಿದ್ದರೆ ಎಡವಿದ್ದು ಗೊತ್ತಾಗುವುದು ಆರನೇ ದಿನಕ್ಕೆ.

ಕಾಳಿತೀರ, ಕಾರವಾರ

ಹೌದು, ಹಾಗಾಗಿ ಇನ್ನೊಂದು ಪ್ರಶ್ನೆ: ನಿಮ್ಮ ಕೂಟದ ಸಭೆ ಎಷ್ಟು ದಿನಕ್ಕೊಮ್ಮೆ? ಹದಿನೈದು ದಿನಕ್ಕೊಮ್ಮೆ ಸೇರುವವರಿಗೆ ಎರಡು ದಿನದ ತುಂಡುಗಳನ್ನು ತೋರಿಸಿ ಪ್ರಯೋಜನವಿಲ್ಲ, ಏಕೆಂದರೆ ನೋಡಿ ನಿರ್ಧಾರ ಮಾಡುವವರೇ ಆಗ ಇರುವುದಿಲ್ಲ. ಹಾಗೆಯೇ ಎರಡು ತಿಂಗಳ ತುಂಡಿದ್ದರೆ ನಾಲ್ಕು ಸಭೆಗಳಲ್ಲಿ "ನಡೆಯುತ್ತಿದೆ" ಎಂದಷ್ಟೇ ಕೇಳುತ್ತೀರಿ. ಒಂದು ಸಭೆಯಿಂದ ಮುಂದಿನ ಸಭೆಯೊಳಗೆ ಮುಗಿಯುವಷ್ಟು ಕಂತೆ ಇದ್ದರೆ, ಮುಗಿದದ್ದಕ್ಕೆ ನೂರು, ಮುಗಿಯದ್ದಕ್ಕೆ ಸೊನ್ನೆ ಎಂದು ಬರೆಯಬಹುದು. ನಡುವಿನ ಶೇಕಡಾವಾರು ಕೇಳಬೇಡಿ. ಕೇಳಿದರೆ ಶೇಕಡಾ 90 ಎಂಬ ಉತ್ತರ ಬರುತ್ತದೆ, ಮೂರು ವಾರ ಅದೇ ಉತ್ತರ ಬರುತ್ತದೆ. ಒಂದು ಜೆಟ್ಟಿಯ ಕೆಲಸದಲ್ಲಿ ನಾನು ಇಂಥ ತೊಂಬತ್ತನ್ನು ನಂಬಿ ಎರಡು ತಿಂಗಳು ಕಳೆದುಕೊಂಡಿದ್ದೇನೆ. ಉಳಿದ ಹತ್ತರಲ್ಲಿ ನೀರಿನೊಳಗಿನ ಕೆಲಸವೆಲ್ಲ ಇತ್ತು.

ಬೈತಖೋಲ ಬೋಟು

ನನ್ನದು ಕಟ್ಟಡವಲ್ಲ, ಬೋಟು. ಆದರೂ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 61 ದಿನ. ಅಷ್ಟರಲ್ಲಿ ಬೋಟನ್ನು ದಡಕ್ಕೆ ಎಳೆದು, ತಳ ಕೆರೆದು, ಹಲಗೆ ಬದಲಿಸಿ, ಬಣ್ಣ ಹೊಡೆದು, ಎಂಜಿನ್ ಬಿಚ್ಚಿ ಜೋಡಿಸಿ, ಬಲೆ ಸರಿ ಮಾಡಿ ಆಗಸ್ಟ್ 1ಕ್ಕೆ ನೀರಿಗೆ ಇಳಿಸಬೇಕು.

ಒಂದು ವರ್ಷ ಮಗ ಎಂಜಿನ್ ಕೆಲಸವನ್ನೂ ಪಿಸ್ಟನ್, ರಿಂಗು, ಬೇರಿಂಗು ಎಂದು ಮೊದಲೇ 30 ಸಾಲು ಬರೆದಿಟ್ಟ. ಬಿಚ್ಚಿ ನೋಡಿದರೆ ಅವೆಲ್ಲ ಚೆನ್ನಾಗಿದ್ದವು, ಹೋದದ್ದು ಗೇರ್ ಬಾಕ್ಸು. 30 ಸಾಲು ದಂಡ. ಈಗ ಎಂಜಿನ್ ಕೆಳಗೆ ಎರಡೇ ಬರೆಯುತ್ತೇವೆ. "ಬಿಚ್ಚಿ ನೋಡಿದ ಪಟ್ಟಿ", ಜೂನ್ 8ರೊಳಗೆ. "ಎಂಜಿನ್ ರಿಪೇರಿ", ಇಷ್ಟು ದುಡ್ಡು ತೆಗೆದಿಟ್ಟಿದೆ. ಎರಡನೆಯದನ್ನು ಜೂನ್ 8ರ ರಾತ್ರಿ ಕುಳಿತು ಒಡೆಯುತ್ತೇವೆ, ಅದಕ್ಕೆ ಮೊದಲು ಮುಟ್ಟುವುದಿಲ್ಲ. ಬಲೆಯ ಕೆಲಸವನ್ನಂತೂ ಬೋಟು ನಡೆಸುವ ತಾಂಡೇಲರಿಗೆ ಬಿಟ್ಟದ್ದು, ಒಂದೇ ಸಾಲು. ಅವರಿಗೆ ನಾನು ಹೇಳಿಕೊಡುವುದೇನಿದೆ.

ಕಾಳಿತೀರ, ಕಾರವಾರ

ಬೋಟಿನವರೇ, ದೊಡ್ಡ ಯೋಜನೆಗಳಲ್ಲಿ ನಾವು ಮಾಡುತ್ತಿದ್ದುದೂ ಇದನ್ನೇ. ಹತ್ತಿರದ್ದನ್ನು ಒಡೆಯುವುದು, ದೂರದ್ದನ್ನು ದುಡ್ಡು ಮತ್ತು ದಿನಾಂಕ ಬರೆದು ಗಂಟಾಗಿಯೇ ಇಡುವುದು, ತಿಳಿವಳಿಕೆ ಬಂದ ದಿನ ಬಿಚ್ಚುವುದು. ಗಂಟು ಬಿಚ್ಚುವ ದಿನವನ್ನು ನೀವು ಬರೆದಿಡುವುದು ನನಗೆ ಮುಖ್ಯವಾಗಿ ಕಂಡಿತು. ಅದಿಲ್ಲದಿದ್ದರೆ ಗಂಟು ಗಂಟಾಗಿಯೇ ಉಳಿಯುತ್ತದೆ.

ತಾಂಡೇಲರ ಒಂದು ಸಾಲಿಗೂ ಹಿನ್ನೆಲೆ ಇದೆ. ಅಮೆರಿಕದ ರಕ್ಷಣಾ ಇಲಾಖೆ ಮತ್ತು ನಾಸಾ 1962ರಲ್ಲಿ ಕೆಲಸವನ್ನು ಹೀಗೆ ಮರದಂತೆ ಒಡೆಯುವ ಪದ್ಧತಿಯನ್ನು ಕೈಪಿಡಿಯಾಗಿ ಹೊರಡಿಸಿದವು. 1968ರಲ್ಲಿ ರಕ್ಷಣಾ ಇಲಾಖೆ ಅದನ್ನು MIL-STD-881 ಎಂಬ ಮಾನಕವಾಗಿ ತಂದಿತು. ಅದರಲ್ಲಿ ವಿಮಾನವೋ ಹಡಗೋ, ಮೇಲಿನ ಮೂರು ಹಂತಗಳನ್ನು ಕೊಳ್ಳುವವರ ಕಡೆಯಿಂದ ಗೊತ್ತು ಮಾಡಿದ್ದರು. ಅದರ ಕೆಳಗೆ ಗುತ್ತಿಗೆದಾರರು ತಮ್ಮ ಕೆಲಸಕ್ಕೆ ತಕ್ಕಂತೆ ವಿಸ್ತರಿಸಿಕೊಳ್ಳಬೇಕಿತ್ತು. ನೀವೂ ವೆಲ್ಡರಿಗೆ ಇಡಿಯಾಗಿ ಕೊಟ್ಟ ಚಾವಣಿಯನ್ನು ಅವರ ಒಳಮನೆಗೆ ಹೋಗಿ ಒಡೆಯಬೇಡಿ. ನಿಮ್ಮ ಕೈಗೆ ಬರುವುದು, ನೀವು ದುಡ್ಡು ಕೊಡುವುದು, ಅಷ್ಟನ್ನು ಬರೆಯಿರಿ.

ಕುಮಟಾ ಲೆಕ್ಕಪತ್ರ

ನಾನು ಲೆಕ್ಕ ಬರೆಯುವವಳು. ಪ್ರತಿ ಕಂತೆಗೂ ಒಂದು ಸಂಖ್ಯೆ ಕೊಟ್ಟು, ಬರುವ ಬಿಲ್ಲಿನ ಮೇಲೆ ಅದೇ ಸಂಖ್ಯೆ ಬರೆಯಿಸಿ. ಬಿಲ್ಲು ಎರಡು ಮೂರು ಸಂಖ್ಯೆಗಳ ನಡುವೆ ಹರಿದು ಹಂಚುವ ಸ್ಥಿತಿ ಪದೇ ಪದೇ ಬಂದರೆ ಅತಿಯಾಗಿ ಒಡೆದಿದ್ದೀರಿ ಎಂದು ಅರ್ಥ. ಒಂದು ಲಾರಿ ಮರಳನ್ನು ಉತ್ತರ ಗೋಡೆಗೆಷ್ಟು, ದಕ್ಷಿಣ ಗೋಡೆಗೆಷ್ಟು ಎಂದು ಹಂಚುತ್ತಾ ಕೂರಬಾರದು.

ನನಗೂ ಒಂದು ಸಂಶಯವಿದೆ. ನಿಮ್ಮ 15 ಮನೆಯವರು ಮುಯ್ಯಾಳಿನ ಹಾಗೆ ಬಂದು ಮಾಡುವ ಕೆಲಸಕ್ಕೆ ಬಿಲ್ಲೇ ಇರುವುದಿಲ್ಲ. ಅದನ್ನು ಪಟ್ಟಿಯಲ್ಲಿ ಹೇಗೆ ತೋರಿಸುತ್ತೀರಿ?

ತೋಟದಮನೆ, ಶಿರಸಿ

ನಾಲ್ಕು ರಾತ್ರಿ ಕುಳಿತು ಮರವನ್ನು ಹೊಸದಾಗಿ ಕಟ್ಟಿದೆ. 412 ಇದ್ದದ್ದು 38 ಕಂತೆಗೆ ಬಂದಿದೆ. ಚಾವಣಿಯನ್ನು ಮೊದಲು ಒಂದೇ ಸಾಲಾಗಿ ಬರೆದಿದ್ದೆ. ಆದರೆ ವೆಲ್ಡರಿಗೆ ಮೂರು ಕಂತಿನಲ್ಲಿ ದುಡ್ಡು ಕೊಡುವ ಮಾತಾಗಿರುವುದರಿಂದ ಮೂರಾಗಿ ಒಡೆದೆ:

1.4 ಚಾವಣಿ
1.4.1 ಕಬ್ಬಿಣ, ನಿವೇಶನಕ್ಕೆ ಬಂದು ತೂಕವಾದದ್ದು
1.4.2 ಚೌಕಟ್ಟು, ನಿಲ್ಲಿಸಿ ಬಣ್ಣ ಬಳಿದದ್ದು
1.4.3 ಶೀಟು, ಮೂಲೆಗಟ್ಟು ಮತ್ತು ಹರಣಿ ಸಹಿತ, ಪೈಪು ಹಿಡಿದು ನೀರು ಹಾಯಿಸಿ ಸೋರುವುದಿಲ್ಲ ಎಂದು ನೋಡಿದ್ದು

ಬೇಯಿಸುವ ಒಲೆಯನ್ನು ಇದಕ್ಕಿಂತ ಆಳಕ್ಕೆ ಒಡೆದೆ. ಅದನ್ನು ನಾವೇ ಕಟ್ಟುವವರು, ಕಡಿಮೆ ಕಟ್ಟಿಗೆ ಹಿಡಿಯುವ ಒಲೆಯನ್ನು ಇಲ್ಲಿ ಯಾರೂ ಕಟ್ಟಿದವರಿಲ್ಲ, ಎಷ್ಟು ದಿನ ಎಂದು ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಒಲೆಯ ಬಾಯಿ, ಹಂಡೆ ಕೂರುವ ಕಟ್ಟೆ, ಹೊಗೆ ಕೊಳವೆ ಎಂದು ಬೇರೆ ಮಾಡಿದ ಮೇಲೆ ಕಟ್ಟೆಗೂ ಬಾಯಿಗೂ ದಿನ ಹೇಳಿದರು. ಹೊಗೆ ಕೊಳವೆಗೆ ಈಗಲೂ ಹೇಳುತ್ತಿಲ್ಲ. ಭಯ ಇದ್ದದ್ದು ಎಲ್ಲಿ ಎಂದು ಆಗ ನನಗೆ ಕಂಡಿತು. ಶೀಟಿನ ಮಾಡನ್ನು ಕೊಳವೆ ತೂರಿ ಹೋಗುವ ಜಾಗ ಚಾವಣಿಗೆ ಸೇರಿದ್ದೋ, ಒಲೆಗೆ ಸೇರಿದ್ದೋ ಎಂದು ಮತ್ತೆ ಇಬ್ಬರ ನಡುವೆ ಬಿದ್ದಿತ್ತು. ಒಲೆಗೆ ಸೇರಿಸಿ, ವೆಲ್ಡರಿಗೂ ಹೇಳಿದ್ದೇನೆ.

ಬೋಲ್ಟು 2.1.1 ಆಗಿ ಸುಲಿಯುವ ಘಟಕದ ಮೊದಲ ಕಂತೆಯಾಗಿದೆ. ನಕ್ಷೆ ನಿನ್ನೆ ಬಂತು. ಹಲಗೆಗೆ ರಂಧ್ರ ಕೊರೆದು ನಾಲ್ಕು ಬೋಲ್ಟು ನಿಲ್ಲಿಸಿ, ಕಾಂಕ್ರೀಟಿಗೆ ಮೊದಲು ಅಂತರ ಅಳೆಯುವುದು ಎಂದು ಮೇಸ್ತ್ರಿಯವರೇ ಹೇಳಿದರು. ಅವರು ಫೋನು ಎತ್ತಿದರು.

ಡ್ರೈಯರ್ ಮಾತ್ರ ಬೋಟಿನವರ ಎಂಜಿನ್ನಿನ ಹಾಗೆ ಗಂಟಾಗಿಯೇ ಇದೆ. ಸೌರವೋ, ಕಟ್ಟಿಗೆಯದೋ ಎಂದು ಕೂಟ ಇನ್ನೂ ತೀರ್ಮಾನಿಸಿಲ್ಲ. ಫೆಬ್ರವರಿ 15 ಎಂದು ಬಿಚ್ಚುವ ದಿನ ಬರೆದಿದ್ದೇನೆ.

ಹೊನ್ನಾವರದವ

38 ಕಂತೆಗಳಲ್ಲಿ 80 ತಾಸು ದಾಟಿದವು ಎಷ್ಟು? ಅವನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಒಡೆಯದಿದ್ದರೂ ಸರಿ, ಅವುಗಳ ಮೇಲೆ ಕಣ್ಣಿರಲಿ.

ತೋಟದಮನೆ, ಶಿರಸಿ

ಏಳು. ಗುರುತು ಮಾಡುತ್ತೇನೆ. ಗೋಡೆಯ ಎರಡೂ ಅದರಲ್ಲಿವೆ.

ಕಾಳಿತೀರ, ಕಾರವಾರ

ಡ್ರೈಯರ್ ಗಂಟನ್ನು ಹಾಗೆಯೇ ಇಡುವುದು ಸರಿ, ಆದರೆ ಅದು ಕಟ್ಟಡದಿಂದ ಏನು ಕೇಳುತ್ತದೆ ಎನ್ನುವುದನ್ನು ಈಗಲೇ ಬರೆಯಬೇಕು. ಸೌರವಾದರೆ ಬಿಸಿಲು ಬೀಳುವ ಜಾಗ, ಕಟ್ಟಿಗೆಯದಾದರೆ ಇನ್ನೊಂದು ಹೊಗೆ ಕೊಳವೆ. ನೆಲದ ಕಾಂಕ್ರೀಟು ಫೆಬ್ರವರಿ 15ಕ್ಕೆ ಮೊದಲೇ ಬೀಳುತ್ತದೆಯಲ್ಲ? ಹಾಗಿದ್ದರೆ ಡ್ರೈಯರ್ ಕೂರುವ ಭಾಗದ ನೆಲವನ್ನು ಬೇರೆ ಕಂತೆ ಮಾಡಿ ಬಿಡುವುದು ಒಳಿತೋ, ತೀರ್ಮಾನವನ್ನೇ ಮುಂದಕ್ಕೆ ಎಳೆಯುವುದು ಒಳಿತೋ, ಅದನ್ನು ನಿಮ್ಮ ಕೂಟವೇ ಹೇಳಬೇಕು.

ಕುಮಟಾ ಲೆಕ್ಕಪತ್ರ

ಮುಯ್ಯಾಳಿನ ಪ್ರಶ್ನೆ ಹಾಗೆಯೇ ಉಳಿಯಿತು. ಕೂಲಿಯ ದರ ಹಿಡಿದು ದುಡ್ಡಾಗಿ ತೋರಿಸಿದರೆ ಹೆಚ್ಚು ದಿನ ಬಂದ ಮನೆಯವರು ನಾಳೆ ಪಾಲು ಕೇಳಬಹುದು. ತೋರಿಸದಿದ್ದರೆ ಒಲೆಗೆ ನಿಜವಾಗಿ ಎಷ್ಟು ಬಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ತೋಟದಮನೆ, ಶಿರಸಿ

ಅಕ್ಕ, ಅದನ್ನು ಮನೆಯಲ್ಲಿ ಅಪ್ಪನ ಹತ್ತಿರವೂ ಕೇಳಿದೆ. ಆಳಿನ ದಿನ ಮಾತ್ರ ಬರೆ, ದುಡ್ಡು ಬರೆಯಬೇಡ ಎಂದರು. ಪಕ್ಕದ ಮನೆಯ ಮಾವ ಎರಡನ್ನೂ ಬರೆಯಬಾರದು ಎನ್ನುತ್ತಾರೆ. ಈ ಭಾನುವಾರದ ಸಭೆಯಲ್ಲಿ ಇದನ್ನೂ ಡ್ರೈಯರಿನ ನೆಲವನ್ನೂ ಇಡುತ್ತೇನೆ.